ಒಂದು ವರ್ಷದ ಕೆಲಸದ ಡೈರಿ ತುಂಬಿದೆ, ಈಗ ಇದನ್ನು ಓದುವುದು ಹೇಗೆ?

ರೇಖಾ, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಗುಣಮಟ್ಟ ವಿಭಾಗದಲ್ಲಿದ್ದೇನೆ. ಬೆಳೆಗಾರರು ತರುವ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ, ಮತ್ತು ಹಣ್ಣನ್ನು ಹಾಗೇ ಒಣಗಿಸಿದ ಚೆರ್ರಿ, ಇವುಗಳ ಸ್ಯಾಂಪಲ್ ನೋಡುವುದು, ತೇವಾಂಶ ಅಳೆಯುವುದು, ಇಷ್ಟು ಮಾಲಿಗೆ ಎಷ್ಟು ಬೀಜ ಸಿಗುತ್ತದೆ ಅನ್ನುವ ಔಟ್‌ಟರ್ನ್ ಲೆಕ್ಕ, ಕಾಫಿ ಮಾಡಿ ರುಚಿ, ವಾಸನೆ ನೋಡುವ ಕಪ್ಪಿಂಗ್, ಆಮೇಲೆ ವರದಿ. ಇದಿಷ್ಟೂ ನನ್ನ ಕೆಲಸ.

ಕಳೆದ ದೀಪಾವಳಿಯಿಂದ ದಿನದ ಕೆಲಸದ ಬಗ್ಗೆ ಸಂಜೆ ನಾಲ್ಕು ಸಾಲು ಬರೆಯುತ್ತಾ ಬಂದಿದ್ದೇನೆ. ನನಗೆ ಯಾವ ಕೆಲಸ ನಿಜವಾಗಿ ಇಷ್ಟ ಅಂತ ತಿಳಿದುಕೊಳ್ಳಬೇಕಿತ್ತು, ಅದಕ್ಕೇ ಶುರು ಮಾಡಿದ್ದು. ಈಗ ನೋಟ್‌ಬುಕ್ ತುಂಬಿದೆ. ಓದಿದರೆ ಒಂದು ದಿನ ಖುಷಿ, ಒಂದು ದಿನ ಬೇಸರ, ಅಷ್ಟೇ ಕಾಣಿಸುತ್ತದೆ.

ಈಗ ಕೇಳಲು ಕಾರಣ ಇದೆ. ಆಫೀಸಿನಲ್ಲಿ ಎರಡು ಜಾಗ ಖಾಲಿ ಆಗುತ್ತಿವೆ. ಒಂದು ಗುಣಮಟ್ಟ ವಿಭಾಗದ ಇನ್‌ಚಾರ್ಜ್. ಇನ್ನೊಂದು ತೋಟಗಳಿಗೆ ಹೋಗಿ ಸ್ಯಾಂಪಲ್ ನೋಡಿ ಮಾಲು ತರುವ ಫೀಲ್ಡ್ ಕೆಲಸ. ಯಾವುದು ಬೇಕು ಅಂತ ನವೆಂಬರ್ ಕೊನೆಯೊಳಗೆ ಹೇಳಬೇಕು. ನನಗೆ ಕಪ್ಪಿಂಗ್ ಇಷ್ಟ, ಹಾಗಾಗಿ ಇನ್‌ಚಾರ್ಜ್ ಅಂತ ಮನಸ್ಸು ಹೇಳುತ್ತಿದೆ. ಡೈರಿ ಏನು ಹೇಳುತ್ತದೆ ಅಂತ ಓದುವುದು ಹೇಗೆ? ಪ್ರತಿ ವರ್ಷ ಹೀಗೆ ಓದುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ನಂಜೇಗೌಡ, ಹೊಳೆನರಸೀಪುರ

ಒಳ್ಳೆಯ ಅಭ್ಯಾಸ ಮೇಡಂ. ನಾನು ಸರ್ಕಾರಿ ಕೆಲಸದಲ್ಲಿದ್ದವನು. ಬರೆಯುವಾಗ ದಿನಾಂಕ, ಪತ್ರದ ಸಂಖ್ಯೆ, ಯಾರ ಆದೇಶದ ಮೇಲೆ ಮಾಡಿದಿರಿ ಅನ್ನುವುದು ಇರಲೇಬೇಕು. ವರ್ಷದ ಕೊನೆಗೆ ಕಾರ್ಯನಿರ್ವಹಣಾ ವರದಿ ತುಂಬುವಾಗ ಇದೇ ಆಧಾರ. ಬಡ್ತಿ ಸಮಯದಲ್ಲಿ ಯಾರಾದರೂ ತಕರಾರು ಮಾಡಿದರೂ ನಿಮ್ಮ ಹತ್ತಿರ ದಾಖಲೆ ಇರುತ್ತದೆ. ಮಾಡಿದ ಸಾಧನೆಗಳನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿಕೊಳ್ಳಿ.

ರೇಖಾ, ಹಾಸನ

ಧನ್ಯವಾದ ಸರ್. ಆದರೆ ಇದನ್ನು ಯಾರಿಗೂ ತೋರಿಸುವುದಿಲ್ಲ. ನನಗೋಸ್ಕರ ಬರೆದಿದ್ದು.

ಕಿರಣ್, ಚಿಕ್ಕಮಗಳೂರು

ರೇಖಾ ಅವರೇ, ಇದು ಸುಲಭ. ನಾನು ಸಾಫ್ಟ್‌ವೇರ್ ಕೆಲಸ, ಮನೆಯಿಂದಲೇ ಮಾಡುತ್ತೇನೆ. ಪ್ರತಿ ಕೆಲಸಕ್ಕೂ 1ರಿಂದ 5 ಅಂಕ ಕೊಟ್ಟು ಎಕ್ಸೆಲ್‌ನಲ್ಲಿ ಹಾಕುತ್ತೇನೆ. ಒಂದು ಕಾಲಮ್‌ನಲ್ಲಿ ಕೆಲಸ, ಇನ್ನೊಂದರಲ್ಲಿ ಅಂಕ. ವರ್ಷದ ಕೊನೆಗೆ ಕೆಲಸದ ಪ್ರಕಾರ ಸರಾಸರಿ ತೆಗೆಯಿರಿ. ಯಾವುದರ ಸರಾಸರಿ ಜಾಸ್ತಿಯೋ ಅದೇ ನಿಮ್ಮ ಕೆಲಸ. ಮಾತಿನಲ್ಲಿ ಬರೆದರೆ ನಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡುಬಿಡುತ್ತೇವೆ. ಅಂಕಿ ಹಾಗಲ್ಲ.

ಜಯಲಕ್ಷ್ಮಿ, ಹಾಸನ

ರೇಖಾ, ನಾನು ಒಂದು ಕಾರ್ಖಾನೆಯ ತರಬೇತಿ ವಿಭಾಗದಲ್ಲಿದ್ದು ನಿವೃತ್ತಿಯಾದವಳು. ಕೆಲಸ ಬದಲಿಸುವ ಯೋಚನೆಯಲ್ಲಿದ್ದ ಹುಡುಗ ಹುಡುಗಿಯರ ಜೊತೆ ಕೂತು ಇಂಥ ಡೈರಿಗಳನ್ನು ಓದಿದ್ದೇನೆ. ನನ್ನದನ್ನೂ ಪ್ರತಿ ವರ್ಷ ಓದುತ್ತಿದ್ದೆ.

ಮೊದಲು ನಂಜೇಗೌಡರ ಮಾತು. ಅವರು ಹೇಳಿದ ಪುಸ್ತಕವೂ ಬೇಕು, ಆದರೆ ಅದು ಬೇರೆ ಪುಸ್ತಕ. ಮೇಲಿನವರು ಓದುತ್ತಾರೆ ಅಂದುಕೊಂಡು ಬರೆದರೆ ನಾವು ಬೇಸರವನ್ನು ಬರೆಯುವುದೇ ಇಲ್ಲ. ಎರಡನ್ನೂ ಒಂದರಲ್ಲೇ ಇಟ್ಟರೆ ಎರಡೂ ಕೆಡುತ್ತವೆ.

ಇನ್ನು ಓದುವ ಕ್ರಮ. ಡೈರಿ ಮತ್ತೆ ತೆರೆಯುವ ಮುಂಚೆ ಒಂದು ಚೀಟಿಯಲ್ಲಿ ಬರೆದಿಡಿ: ಈ ವರ್ಷ ನನಗೆ ತುಂಬಾ ಹಿಡಿಸಿದ ಕೆಲಸ ಯಾವುದು, ಬೇಡವೇ ಬೇಡ ಅನ್ನಿಸಿದ್ದು ಯಾವುದು. ಓದಿದ ಮೇಲೆ ಡೈರಿ ಎಲ್ಲಿ ಚೀಟಿಗೆ ಹೊಂದುವುದಿಲ್ಲವೋ ಅಲ್ಲಿ ನಿಲ್ಲಿ. ಚೀಟಿ ಬರೆಯದೆ ಓದಿದವರು ಕೊನೆಗೆ "ಇದು ನನಗೆ ಮೊದಲೇ ಗೊತ್ತಿತ್ತು" ಅಂತ ಮುಚ್ಚಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಎರಡನೆಯದು, ದಿನವನ್ನು ಇಡಿಯಾಗಿ ಒಳ್ಳೆಯದು, ಕೆಟ್ಟದ್ದು ಅನ್ನಬೇಡಿ. ಒಂದು ದಿನದಲ್ಲಿ ನಾಲ್ಕು ಥರದ ಕೆಲಸ ಇರುತ್ತದೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅವರ ಜೊತೆಗಾರರು ಅಮೆರಿಕದ ಟೆಕ್ಸಾಸ್‌ನಲ್ಲಿ 909 ಉದ್ಯೋಗಸ್ಥ ಮಹಿಳೆಯರಿಂದ ಹೀಗೆ ಬರೆಸಿದ್ದರು. ಹಿಂದಿನ ದಿನವನ್ನು ಒಂದೊಂದು ತುಣುಕಾಗಿ ನೆನೆಸಿಕೊಂಡು, ಆಗ ಏನು ಮಾಡುತ್ತಿದ್ದಿರಿ, ಯಾರ ಜೊತೆ ಇದ್ದಿರಿ, ಹೇಗನ್ನಿಸಿತು ಅಂತ ಬರೆಯಬೇಕಿತ್ತು. ಆ ಮೂರು ಪ್ರಶ್ನೆ ನಮ್ಮಂಥವರ ಡೈರಿಗೂ ಸಾಕು.

ನಿಮ್ಮ ಡೈರಿಯಿಂದ ಒಂದಷ್ಟು ದಿನ ಇಲ್ಲಿ ಹಾಕಲು ಆಗುತ್ತದಾ? ಒಳ್ಳೆಯವು, ಬೇಸರದವು ಎರಡೂ ಇರಲಿ. ಬೆಳೆಗಾರರ ಹೆಸರು, ದರ, ಆಫೀಸಿನ ಒಳಗಿನ ವಿಷಯ ಬೇಡ. ಅವು ಡೈರಿಯಲ್ಲೂ ಇಲ್ಲದಿದ್ದರೆ ಒಳ್ಳೆಯದು.

ರೇಖಾ, ಹಾಸನ

ಆಯ್ತು ಮೇಡಂ. ಚೀಟಿ ಬರೆದೆ: ಇಷ್ಟ ಕಪ್ಪಿಂಗ್, ಬೇಡದ್ದು ವರದಿ ಮತ್ತು ರಿಜಿಸ್ಟರ್. ಡೈರಿಯಿಂದ ಕೆಲವು ಇಲ್ಲಿವೆ, ಸ್ವಲ್ಪ ಚಿಕ್ಕದು ಮಾಡಿದ್ದೇನೆ. ಸುಮಾ ಅನ್ನುವವಳು ಲ್ಯಾಬ್‌ನಲ್ಲಿ ನನ್ನ ಜೊತೆಗಾರ್ತಿ, ಇದು ಅವಳ ನಿಜವಾದ ಹೆಸರಲ್ಲ.

ಡಿಸೆಂಬರ್: ಬೆಳಿಗ್ಗೆಯಿಂದ ಕಪ್ಪಿಂಗ್, ಸುಮಾ ಜೊತೆಗಿದ್ದಳು. ಎಲ್ಲಾ ಲಾಟೂ ಕ್ಲೀನ್. ನಂಬರ್ ಬರೆದುಕೊಟ್ಟೆ. ಮಧ್ಯಾಹ್ನದ ಮೇಲೆ ಗಡಿಯಾರ ನೋಡುತ್ತಿದ್ದೆ.

ಜನವರಿ: ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರ ಪಾರ್ಚ್‌ಮೆಂಟ್. ಕಪ್‌ನಲ್ಲಿ ಮುಗ್ಗಲು ವಾಸನೆ. ನಾನೂ ಸುಮಾನೂ ಆ ಬೆಳೆಗಾರರನ್ನು ಕೂರಿಸಿಕೊಂಡು ಹೇಗೆ ಒಣಗಿಸಿದಿರಿ ಅಂತ ಕೇಳಿದೆವು. ಇನ್ನೂ ಹಸಿ ಇರುವಾಗಲೇ ದಪ್ಪ ರಾಶಿ ಮಾಡಿ ಟಾರ್ಪಾಲ್ ಮುಚ್ಚುತ್ತಿದ್ದರಂತೆ. ಊಟದ ಹೊತ್ತು ಮೀರಿದ್ದು ಗೊತ್ತೇ ಆಗಲಿಲ್ಲ.

ಏಪ್ರಿಲ್: ತಿಂಗಳ ವರದಿ. ಯಾರೂ ಏನೂ ಕೇಳಲಿಲ್ಲ. ಸುಸ್ತು.

ಮೇ: ಒಂದೇ ತೋಟದ ಎರಡು ಲಾಟಿನ ಔಟ್‌ಟರ್ನ್‌ನಲ್ಲಿ ತುಂಬಾ ವ್ಯತ್ಯಾಸ. ಸುಮಾ ರಜೆ. ಹಳೇ ರಿಜಿಸ್ಟರ್ ತೆಗೆದು ಹುಡುಕಿದೆ. ಒಂದು ಮಾಯಿಶ್ಚರ್ ಮೀಟರ್ ಕಡಿಮೆ ತೋರಿಸುತ್ತಿತ್ತು, ಹಸಿ ಮಾಲು ಒಣಗಿದ್ದು ಅಂತ ಒಳಗೆ ಬಂದಿತ್ತು. ಸ್ಯಾಂಪಲ್ ಓವನ್‌ನಲ್ಲಿ ಒಣಗಿಸಿ ತೂಕ ಮಾಡಿ ಖಚಿತ ಮಾಡಿಕೊಂಡೆ. ಮನೆಗೆ ಹೊರಡಲು ಮನಸ್ಸೇ ಇರಲಿಲ್ಲ.

ಜುಲೈ: ಗಾರ್ಬ್ಲಿಂಗ್‌ಗೆ ಬಂದ ಹೊಸಬರಿಗೆ ಕಪ್ಪು ಬೀಜ, ಒಡಕು ಬೀಜ ಆರಿಸುವುದನ್ನು ಕಲಿಸಿದೆ. ಸಂಜೆ ಗಂಟಲು ಕಟ್ಟಿತ್ತು. ಆದರೂ ಚೆನ್ನಾಗಿತ್ತು.

ಆಗಸ್ಟ್: ಆಡಿಟ್ ಫೈಲು. ಇಡೀ ದಿನ ಸಹಿ, ದಿನಾಂಕ ನೋಡಿದ್ದು.

ಸೆಪ್ಟೆಂಬರ್: ಖರೀದಿದಾರರು ಬಂದಿದ್ದರು, ಕಪ್ಪಿಂಗ್ ಇತ್ತು. ಎಲ್ಲರ ಎದುರು ನನ್ನನ್ನು ಹೊಗಳಿದರು. ತುಂಬಾ ಖುಷಿ.

ಕಿರಣ್, ಚಿಕ್ಕಮಗಳೂರು

ನೋಡಿ, ಕಪ್ಪಿಂಗ್ ಮೂರು ಸಲ ಬಂದಿದೆ. ಒಂದಕ್ಕೆ 2, ಉಳಿದ ಎರಡಕ್ಕೆ 5. ಸರಾಸರಿ 4. ವರದಿ, ಫೈಲು ಎಲ್ಲಾ 1, 2. ನಿಮ್ಮ ಊಹೆ ಸರಿ, ಇನ್‌ಚಾರ್ಜ್ ತೊಗೊಳ್ಳಿ.

ಜಯಲಕ್ಷ್ಮಿ, ಹಾಸನ

ಕಿರಣ್, ಗುರುತು ಹಾಕಿ ಎಣಿಸುವುದು ಸರಿ. ಆದರೆ ಕಾಲಮ್‌ನ ತಲೆಯ ಮೇಲೆ ಯಾವ ಹೆಸರು ಬರೆಯುತ್ತೀರಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. "ಕಪ್ಪಿಂಗ್" ಅನ್ನುವುದು ಆಫೀಸು ಆ ಕೆಲಸಕ್ಕೆ ಕೊಟ್ಟ ಹೆಸರು. ಆ ಹೊತ್ತಿನಲ್ಲಿ ರೇಖಾ ಏನು ಮಾಡುತ್ತಿದ್ದಳು ಅಂತ ಅದರಿಂದ ತಿಳಿಯುವುದಿಲ್ಲ.

ಆ ಮೂರು ದಿನ ಪಕ್ಕಪಕ್ಕ ಇಟ್ಟು ಓದಿ. ಡಿಸೆಂಬರ್‌ನಲ್ಲಿ ಬರೀ ಕಪ್ಪಿಂಗ್, ಬೇರೇನೂ ಇಲ್ಲ, ಎಲ್ಲ ಲಾಟೂ ಚೆನ್ನಾಗಿದೆ. ಆ ದಿನ ಗಡಿಯಾರ ನೋಡಿದ್ದಾಳೆ. ಸೆಪ್ಟೆಂಬರ್‌ನಲ್ಲಿ ಖುಷಿ ಬಂದಿದ್ದು ಹೊಗಳಿಕೆಯಿಂದ. ಕೆಲಸ ಮಾಡುವಾಗ ಹೇಗಿತ್ತು ಅಂತ ಒಂದು ಮಾತೂ ಇಲ್ಲ. ಹೊಗಳಿಕೆ ಸಿಕ್ಕ ದಿನಗಳಿಗೆ ಬೇರೆಯೇ ಗುರುತು ಹಾಕಬೇಕು. ಆಡಿಟ್ ಫೈಲಿಗೆ ಯಾರಾದರೂ ಹೊಗಳಿದ್ದರೂ ಆ ಸಂಜೆ ಖುಷಿಯೇ ಇರುತ್ತಿತ್ತು. ಹಾಗಾಗಿ ಉಳಿಯುವುದು ಜನವರಿಯ ದಿನ.

ಈಗ ಜನವರಿಯನ್ನು ಮೇ ತಿಂಗಳ ಪಕ್ಕ ಇಡಿ. ಮೇನಲ್ಲಿ ಕಪ್ಪಿಂಗ್ ಇಲ್ಲವೇ ಇಲ್ಲ. ಇದ್ದಿದ್ದು ಹಳೇ ರಿಜಿಸ್ಟರ್, ಲೆಕ್ಕ, ತೂಕ. ಚೀಟಿಯಲ್ಲಿ "ಬೇಡ" ಅಂತ ಬರೆದ ಕೆಲಸವೇ ಅದು! ಆದರೂ ಮನೆಗೆ ಹೊರಡಲು ಮನಸ್ಸಿರಲಿಲ್ಲ ಅಂದಿದ್ದಾಳೆ. ಎರಡರಲ್ಲೂ ಇರುವುದು ಒಂದೇ. ಎಲ್ಲೋ ಏನೋ ಕೆಟ್ಟಿದೆ, ಕಾರಣ ಗೊತ್ತಿಲ್ಲ, ಅದನ್ನು ಬೆನ್ನು ಹತ್ತಿ ಹಿಡಿಯಬೇಕು. ನನ್ನ ಕಣ್ಣಿಗೆ ಬಿದ್ದ ಎಳೆ ಇದು. ಏಪ್ರಿಲ್‌ನ ವರದಿಯಲ್ಲಿ ಹುಡುಕಬೇಕಾದ್ದು ಏನೂ ಇರಲಿಲ್ಲ, ಉತ್ತರ ಕೇಳುವವರೂ ಇರಲಿಲ್ಲ.

ಸುಮಾ ಜೊತೆಗಿದ್ದಿದ್ದಕ್ಕೇ ಖುಷಿಯಾಗಿತ್ತಾ ಅನ್ನುವ ಅನುಮಾನವನ್ನೂ ತೀರಿಸಿಕೊಳ್ಳಬೇಕು. ಇಷ್ಟದ ಜೊತೆಗಾರರಿದ್ದರೆ ಯಾವ ಕೆಲಸವೂ ಹಗುರ, ಆ ಖುಷಿಯನ್ನು ಕೆಲಸದ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಇಲ್ಲಿ ಡಿಸೆಂಬರ್‌ನಲ್ಲಿ ಸುಮಾ ಇದ್ದೂ ಬೇಸರ. ಮೇನಲ್ಲಿ ಇಲ್ಲದೆಯೂ ಖುಷಿ. ಹಾಗಾಗಿ ಸುಮಾ ಕಾರಣ ಅಲ್ಲ ಅನ್ನಿಸುತ್ತದೆ. ಇನ್ನಷ್ಟು ದಿನಗಳಲ್ಲಿ ಹೀಗೇ ಇದೆಯಾ ಅಂತ ನೀವೇ ನೋಡಬೇಕು ರೇಖಾ. ಏಳು ದಿನದಿಂದ ನಾನು ತೀರ್ಪು ಕೊಡುವುದಿಲ್ಲ.

ಜುಲೈನ ಕಲಿಸುವ ಕೆಲಸ ಈ ಎಳೆಗೆ ಸೇರುವುದಿಲ್ಲ. ಅದನ್ನು ಎಳೆದು ತಂದು ಸೇರಿಸಲೂ ಬೇಡಿ. ಪಕ್ಕಕ್ಕೆ ಬರೆದಿಟ್ಟರೆ ಮುಂದಿನ ವರ್ಷ ಮತ್ತೆ ಬರುತ್ತದಾ ನೋಡಬಹುದು.

ಒಂದು ಪ್ರಶ್ನೆ. ಫೆಬ್ರವರಿ, ಮಾರ್ಚ್ ಎಲ್ಲಿ?

ರೇಖಾ, ಹಾಸನ

ಮೇಡಂ, ಮೇ ತಿಂಗಳ ದಿನ ನನಗೆ ನೆನಪೇ ಇರಲಿಲ್ಲ. ಇಲ್ಲಿ ಹಾಕಲೆಂದು ಪುಟ ತಿರುವುವಾಗ ಸಿಕ್ಕಿತು.

ಫೆಬ್ರವರಿ, ಮಾರ್ಚ್‌ನಲ್ಲಿ ಬರೆದೇ ಇಲ್ಲ ಅನ್ನಬಹುದು. ಆಗ ಅರೇಬಿಕಾ ಪಾರ್ಚ್‌ಮೆಂಟ್ ಇನ್ನೂ ಬರುತ್ತಿರುತ್ತದೆ, ರೊಬಸ್ಟಾ ಚೆರ್ರಿಯೂ ಶುರುವಾಗಿರುತ್ತದೆ. ಮನೆಗೆ ಬಂದರೆ ಊಟ ಮಾಡಿ ಮಲಗಿದರೆ ಸಾಕು ಅನ್ನಿಸುತ್ತಿತ್ತು.

ಜಯಲಕ್ಷ್ಮಿ, ಹಾಸನ

ಅದೇ ದೊಡ್ಡ ಅಡಚಣೆ. ಡೈರಿ ಖಾಲಿ ಇರುವುದು ಸುಮ್ನೆ ಅಲ್ಲ, ನಿಮ್ಮ ಕೆಲಸ ಅತಿ ಜಾಸ್ತಿ ಇದ್ದ ದಿನಗಳೇ ಖಾಲಿ. ಹಾಗಾಗಿ ಈ ಡೈರಿ ಬಿಡುವಿನ ತಿಂಗಳ ರೇಖಾಳ ಬಗ್ಗೆ ಜಾಸ್ತಿ ಹೇಳುತ್ತದೆ. ಒತ್ತಡದಲ್ಲಿ ಕಾರಣ ಹುಡುಕುವುದು ನಿಮಗೆ ಇಷ್ಟವೋ, ತಲೆನೋವೋ, ಇದರಿಂದ ತಿಳಿಯುವುದಿಲ್ಲ. ಎರಡೂ ಹುದ್ದೆಯ ಅಸಲಿ ಪರೀಕ್ಷೆ ಆ ತಿಂಗಳಲ್ಲೇ ಅಲ್ವಾ?

ಬರುವ ಸೀಸನ್‌ನಲ್ಲಿ ನಾಲ್ಕು ಸಾಲು ಬೇಡ, ಒಂದೇ ಸಾಲು ಬರೆಯಿರಿ. ಅದೂ ಮನೆಗೆ ಬಂದ ಮೇಲಲ್ಲ, ಲ್ಯಾಬ್ ಬಿಡುವ ಮುಂಚೆ. ಇವತ್ತು ಯಾವ ಹೊತ್ತಿನಲ್ಲಿ ಸಮಯ ಹೋಗಿದ್ದು ಗೊತ್ತಾಗಲಿಲ್ಲ, ಯಾವ ಹೊತ್ತು ಎಳೆಯಿತು, ಅಷ್ಟು ಸಾಕು.

ಶಾಹಿನಾ, ಬೇಲೂರು

ನಾನು ಹೈಸ್ಕೂಲ್ ಟೀಚರ್. ಈ ಚರ್ಚೆ ಓದಿ ಬರೆಯಬೇಕು ಅನ್ನಿಸಿತು. ಮೊದಲ ವರ್ಷದ ಡೈರಿ ಓದಿದಾಗ ಜೂನ್, ಜುಲೈ ತುಂಬಾ ಬೇಸರದಿಂದ ಕೂಡಿತ್ತು. ಎಂಟನೇ ತರಗತಿಯ ಹೊಸ ಮಕ್ಕಳ ಜೊತೆ ನನಗೆ ಆಗುವುದಿಲ್ಲ, ಹತ್ತನೆಯದೇ ಸರಿ ಅಂತ ತೀರ್ಮಾನಕ್ಕೆ ಬಂದಿದ್ದೆ. ಮುಂದಿನ ವರ್ಷ ನನಗೆ ಎಂಟನೇ ತರಗತಿ ಕೊಡಲಿಲ್ಲ. ಆದರೂ ಜೂನ್, ಜುಲೈ ಅಷ್ಟೇ ಬೇಸರ. ಎರಡು ಡೈರಿ ಪಕ್ಕ ಇಟ್ಟು ಓದಿದಾಗ ಗೊತ್ತಾಯಿತು, ಬೇಸರ ಮಕ್ಕಳಿಂದ ಅಲ್ಲ. ದಾಖಲಾತಿ ಸಮಯದಲ್ಲಿ ಆನ್‌ಲೈನ್‌ನಲ್ಲಿ ಮಾಹಿತಿ ತುಂಬುವ ಕೆಲಸದಿಂದ. ಈಗ ಆ ಕೆಲಸವನ್ನು ಇಬ್ಬರು ಹಂಚಿಕೊಂಡಿದ್ದೇವೆ, ನಾನು ಮತ್ತೆ ಎಂಟನೇ ತರಗತಿ ಕೇಳಿ ಪಡೆದಿದ್ದೇನೆ.

ರೇಖಾ ಅಕ್ಕ, ಒಂದು ವರ್ಷದ ಡೈರಿಯಲ್ಲಿ ಪ್ರತಿ ತಿಂಗಳು ಒಂದೇ ಸಲ ಬರುತ್ತದೆ. ಆ ತಿಂಗಳ ಕೆಲಸ ಬೇಸರವೋ, ಆ ತಿಂಗಳೇ ಬೇಸರವೋ ಹೇಗೆ ಹೇಳುವುದು? ನಿಮ್ಮದೂ ಸೀಸನ್ ಕೆಲಸವೇ.

ಪೊನ್ನಪ್ಪ, ಸಕಲೇಶಪುರ

ಶಾಹಿನಾ ಅವರ ಮಾತು ನೂರಕ್ಕೆ ನೂರು ನಿಜ. ನಾವು ಬೆಳೆಗಾರರು ಮಳೆ ಲೆಕ್ಕದ ಪುಸ್ತಕ ಇಡುತ್ತೇವೆ, ಇಂಚು, ಸೆಂಟ್ಸ್‌ನಲ್ಲಿ. ಹೂಮಳೆ ತಡವಾಯಿತೋ ಇಲ್ಲವೋ ಅಂತ ಒಂದು ವರ್ಷದ ಪುಸ್ತಕ ನೋಡಿ ಯಾರೂ ಹೇಳುವುದಿಲ್ಲ, ಹಿಂದಿನ ವರ್ಷಗಳದ್ದು ತೆಗೆಯಲೇಬೇಕು. ಡೈರಿಯೂ ಹಾಗೇ.

ರೇಖಮ್ಮ, ಫೀಲ್ಡ್ ಕೆಲಸದ ಬಗ್ಗೆ ಒಂದು ಮಾತು. ಮುಗ್ಗಲು ವಾಸನೆ ಯಾಕೆ ಬಂತು ಅಂತ ಕೂತು ವಿವರಿಸುವವರು ತೋಟಕ್ಕೆ ಬಂದರೆ ನಮಗೆ ಖುಷಿಯೇ. ಕಣದಲ್ಲೇ ನಿಂತು ತೋರಿಸಿದರೆ ನಮ್ಮ ಆಳುಗಳೂ ಕಲಿಯುತ್ತಾರೆ. ಆದರೆ ಬರುವವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ಮಾತು ಬೇಗ ದರಕ್ಕೆ ಬರುತ್ತದೆ. ತೇವಾಂಶ ಜಾಸ್ತಿ ಇದೆ, ಇಷ್ಟು ಕಡಿತ ಅಂತ ನೀವು ಹೇಳುತ್ತೀರಿ. ಇಲ್ಲ, ನಮ್ಮ ಮೀಟರ್‌ನಲ್ಲಿ ಕಡಿಮೆ ಇದೆ ಅಂತ ನಾವು ಹೇಳುತ್ತೇವೆ. ಪಕ್ಕದ ಏಜೆಂಟ್ ಜಾಸ್ತಿ ಕೊಡುತ್ತೇನೆ ಅಂದಿರುತ್ತಾನೆ. ನಿಮ್ಮ ಡೈರಿಯಲ್ಲಿ ಚೌಕಾಸಿ ಮಾಡಿದ ದಿನ ಒಂದಾದರೂ ಇದೆಯಾ?

ರೇಖಾ, ಹಾಸನ

ಒಂದೂ ಇಲ್ಲ ಅಣ್ಣ. ದರ ನಮ್ಮ ವಿಭಾಗಕ್ಕೆ ಬರುವುದೇ ಇಲ್ಲ. ನಾವು ರಿಪೋರ್ಟ್ ಕೊಡುತ್ತೇವೆ, ದರದ ಮಾತು ಬೇರೆಯವರದು.

ಜಯಲಕ್ಷ್ಮಿ, ಹಾಸನ

ಪೊನ್ನಪ್ಪನವರು ಹೇಳಿದ್ದನ್ನು ನೀವು ಬರೆದಿಟ್ಟುಕೊಳ್ಳಬೇಕು. ಮಾಡಿದ ಕೆಲಸದ ಬಗ್ಗೆ ಮಾತ್ರ ಡೈರಿ ಹೇಳುತ್ತದೆ. ಮಾಡದೇ ಇರುವ ಕೆಲಸದ ಬಗ್ಗೆ ಅದರ ಬಾಯಿ ಬಂದ್. ಚೌಕಾಸಿ ನಿಮಗೆ ಒಗ್ಗುತ್ತದಾ ಅನ್ನುವುದಕ್ಕೆ ಎಷ್ಟು ಓದಿದರೂ ಅದರಲ್ಲಿ ಉತ್ತರ ಇಲ್ಲ.

ಅದಕ್ಕೆ ಒಂದು ಕೆಲಸ ಮಾಡಿ. ಈಗಿನ ಇನ್‌ಚಾರ್ಜ್ ಹತ್ತಿರ, ಫೀಲ್ಡ್‌ನವರ ಹತ್ತಿರ ಕೂತು ಮಾತಾಡಿ. "ಕೆಲಸ ಹೇಗಿದೆ" ಅಂತ ಕೇಳಿದರೆ "ಚೆನ್ನಾಗಿದೆ" ಅಂತಾರೆ, ಮುಗಿಯಿತು. ಹೋದ ವಾರ ಸೋಮವಾರದಿಂದ ಶನಿವಾರದವರೆಗೆ ಏನೇನು ಮಾಡಿದಿರಿ ಅಂತ ಕೇಳಿ. ಜನವರಿಯ ಒಂದು ವಾರ, ಜುಲೈನ ಒಂದು ವಾರ ಹೇಗಿರುತ್ತದೆ ಅಂತಲೂ ಕೇಳಿ. ಅದನ್ನು ತುಣುಕು ತುಣುಕಾಗಿ ಬರೆದುಕೊಂಡು ಪ್ರತಿ ತುಣುಕಿನ ಎದುರು ನಿಮ್ಮ ಡೈರಿಯಲ್ಲಿ ಅಂಥದ್ದೇ ದಿನ ಹುಡುಕಿ. ಸಿಕ್ಕರೆ ಆ ದಿನ ಹೇಗಿತ್ತು ಅಂತ ಬರೆಯಿರಿ. ಸಿಗದಿದ್ದರೆ ಜಾಗ ಖಾಲಿ ಬಿಡಿ. ಯಾವುದನ್ನು ಮಾಡಿ ನೋಡಬೇಕು ಅನ್ನುವುದು ಆ ಖಾಲಿ ಜಾಗಗಳಿಂದ ಗೊತ್ತಾಗುತ್ತದೆ.

ಕಿರಣ್, ಚಿಕ್ಕಮಗಳೂರು

ಮೇಡಂ, ಕಾಲಮ್ ಹೆಸರಿನ ಬಗ್ಗೆ ನೀವು ಹೇಳಿದ್ದು ಒಪ್ಪುತ್ತೇನೆ. ಆದರೂ ಅಂಕ ಬಿಡಬಾರದು. ನೀವು ಆ ಏಳು ದಿನದಲ್ಲಿ "ಕಾರಣ ಹುಡುಕುವುದು" ಅಂತ ಎಳೆ ಕಂಡಿರಿ. ಇನ್ನೊಬ್ಬರು ಓದಿದರೆ "ಬೆಳೆಗಾರರಿಗೆ ಸಹಾಯ ಮಾಡುವುದು" ಅಂತ ಕಾಣಬಹುದು. ಮೂರನೆಯವರಿಗೆ "ಒಬ್ಬಳೇ ಜವಾಬ್ದಾರಿ ಹೊತ್ತಿದ್ದು" ಅಂತ. ಮಾತಿನಲ್ಲಿ ಎಲ್ಲವೂ ಸರಿ ಅನ್ನಿಸುತ್ತದೆ. ಆಯಾ ದಿನವೇ ಅಂಕ ಹಾಕಿದ್ದರೆ, ಈ ಮೂರರಲ್ಲಿ ಯಾವುದು ಇದ್ದಾಗ ಅಂಕ ಏರಿತು ಅಂತ ನೋಡಬಹುದಿತ್ತು.

ಜಯಲಕ್ಷ್ಮಿ, ಹಾಸನ

ಒಂದಕ್ಕಿಂತ ಜಾಸ್ತಿ ಎಳೆ ಕಾಣುತ್ತದೆ ಅನ್ನುವುದು ಸರಿ. ಅಂಕದ ವಿಷಯದಲ್ಲಿ ನಾನು ನಿಮ್ಮ ಜೊತೆ ಇಲ್ಲ. ಸಂಜೆ ದಣಿದಾಗ ಹಾಕುವ 3 ಬೇರೆ, ರಜೆ ಮುಗಿಸಿ ಬಂದ ದಿನ ಹಾಕುವ 3 ಬೇರೆ. ನಾನು ನೋಡಿದ ಡೈರಿಗಳಲ್ಲಿ ಅಂಕ ಹಾಕುವವರು ಸ್ವಲ್ಪ ದಿನದಲ್ಲಿ ಬರೆಯುವುದನ್ನೇ ನಿಲ್ಲಿಸಿ ಬರೀ ಅಂಕಿ ಹಾಕುತ್ತಿದ್ದರು. "ಊಟದ ಹೊತ್ತು ಮೀರಿದ್ದು ಗೊತ್ತಾಗಲಿಲ್ಲ" ಅನ್ನುವ ಸಾಲು ಯಾವ 5ಕ್ಕಿಂತಲೂ ನನಗೆ ಜಾಸ್ತಿ ಹೇಳುತ್ತದೆ.

ಆದರೆ ನಿಮ್ಮ ಮೂರು ಎಳೆಗಳನ್ನು ರೇಖಾ ಖಂಡಿತ ಪರೀಕ್ಷೆ ಮಾಡಬೇಕು. ಮೇ ದಿನದಲ್ಲಿ ಬೆಳೆಗಾರರು ಎದುರಿಗೆ ಇರಲಿಲ್ಲ, ಆದ್ದರಿಂದ ಸಹಾಯದ ಎಳೆ ಸ್ವಲ್ಪ ಸಡಿಲ. ಜವಾಬ್ದಾರಿಯ ಎಳೆಯನ್ನು ಈ ಸಾಲುಗಳಿಂದ ತಳ್ಳಿಹಾಕಲು ನನಗೆ ಆಗುತ್ತಿಲ್ಲ.

ಕಿರಣ್, ಚಿಕ್ಕಮಗಳೂರು

ಬರೆಯುವುದು ನಿಲ್ಲಿಸುತ್ತಾರೆ ಅನ್ನುವುದು ಅಭ್ಯಾಸದ ತೊಂದರೆ, ಅಂಕದ್ದಲ್ಲ. ನಾನು ಎರಡೂ ಮಾಡುತ್ತೇನೆ, ಅದನ್ನೇ ಮುಂದುವರಿಸುತ್ತೇನೆ.

ನಂಜೇಗೌಡ, ಹೊಳೆನರಸೀಪುರ

ಎಲ್ಲಾ ಓದಿದೆ. ನೀವು ಕೇಳಿದ್ದು ಬೇರೆ ವಿಷಯ ಅಂತ ಈಗ ಅರ್ಥವಾಯಿತು. ಆದರೂ ಕೇಳುತ್ತೇನೆ, ಎರಡು ಹುದ್ದೆಯ ಸಂಬಳ ಎಷ್ಟೆಷ್ಟು? ಫೀಲ್ಡ್ ಅಂದರೆ ಓಡಾಟ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅದೂ ನೋಡಬೇಕು. ಇಷ್ಟ ಒಂದನ್ನೇ ನೋಡಿ ತೀರ್ಮಾನ ಮಾಡಲು ಆಗುತ್ತದಾ?

ರೇಖಾ, ಹಾಸನ

ಸರ್, ಸಂಬಳ ಹೆಚ್ಚುಕಡಿಮೆ ಒಂದೇ. ಮನೆಯಲ್ಲಿ ಅತ್ತೆ ಇದ್ದಾರೆ, ಮಗಳನ್ನು ನೋಡಿಕೊಳ್ಳುತ್ತಾರೆ. ಓಡಾಟಕ್ಕೆ ತೊಂದರೆ ಇಲ್ಲ, ಸೀಸನ್‌ನಲ್ಲಿ ರಾತ್ರಿ ಎಷ್ಟು ಹೊತ್ತಾಗುತ್ತದೆ ಅನ್ನುವುದು ಮಾತ್ರ ಕೇಳಬೇಕು.

ಈ ನಾಲ್ಕು ದಿನದಲ್ಲಿ ಏನು ಮಾಡಿದೆ ಅಂತ ಹೇಳುತ್ತೇನೆ. ಡೈರಿ ಪೂರ್ತಿ ಮತ್ತೆ ಓದಿದೆ, ಮೊದಲ ಪುಟದಿಂದ. ಕಾರಣ ಹುಡುಕಿದ ದಿನಗಳಿಗೆ ನೀಲಿ, ಹೊಗಳಿಕೆಗೆ ಹಸಿರು, ಒಬ್ಬಳೇ ಜವಾಬ್ದಾರಿ ಹೊತ್ತ ದಿನಕ್ಕೆ ಕೆಂಪು ಪೆನ್ಸಿಲ್ ಹಾಕಿದೆ. ಸಮಯ ಗೊತ್ತಾಗಲಿಲ್ಲ ಅಂತ ಬರೆದ ಕಡೆ ಬಹುಪಾಲು ನೀಲಿ ಇದೆ. ಕೆಂಪು ಅರ್ಧ ಕಡೆ ಅದರ ಜೊತೆಗೇ ಇದೆ, ಹಾಗಾಗಿ ಕಿರಣ್ ಅವರ ಪ್ರಶ್ನೆಗೆ ಪೂರ್ತಿ ಉತ್ತರ ಸಿಗಲಿಲ್ಲ. ಕಪ್ಪಿಂಗ್ ಮಾತ್ರ ಇದ್ದ ದಿನಗಳಲ್ಲಿ ಬಣ್ಣವೇ ಇಲ್ಲದ ಪುಟ ಜಾಸ್ತಿ. ಇದನ್ನು ನಾನು ನಿರೀಕ್ಷೆ ಮಾಡಿರಲಿಲ್ಲ.

ಇನ್‌ಚಾರ್ಜ್ ಸರ್ ಹತ್ತಿರ ಅವರ ವಾರದ ಬಗ್ಗೆ ಕೇಳಿದೆ. ಕಪ್ಪಿಂಗ್‌ಗೆ ಅವರು ಬರುವುದು ಕೊನೆಯಲ್ಲಿ, ಸಹಿಗೆ. ಉಳಿದ ಹೊತ್ತು ಆಡಿಟ್, ಖರೀದಿದಾರರ ಮೇಲ್, ಹಾಜರಾತಿ. ದೂರು ಬಂದ ಲಾಟ್ ಇದ್ದರೆ ಮಾತ್ರ ಅವರೂ ಕಾರಣ ಹುಡುಕಲು ಕೂರುತ್ತಾರೆ, ಆದರೆ ಓಡಾಡಿ ಹುಡುಕುವುದು ನಾವೇ. ಫೀಲ್ಡ್‌ನವರ ವಾರದಲ್ಲಿ ಪೊನ್ನಪ್ಪಣ್ಣ ಹೇಳಿದ ಹಾಗೆ ದರದ ಮಾತು ತುಂಬಾ ಇದೆ. ನನ್ನ ಡೈರಿಯಲ್ಲಿ ಅದರ ಎದುರು ಖಾಲಿ.

ಇನ್ನೂ ತೀರ್ಮಾನ ಮಾಡಿಲ್ಲ. ಕೊಯ್ಲು ಶುರುವಾದಾಗ ಫೀಲ್ಡ್‌ನವರ ಜೊತೆ ಒಂದಷ್ಟು ದಿನ ಹೋಗಿ ಬರಲು ಬಿಡಿ ಅಂತ ಮ್ಯಾನೇಜರ್‌ಗೆ ಕೇಳಿದ್ದೇನೆ. ಒಪ್ಪುವ ಹಾಗೆ ಕಾಣುತ್ತದೆ. ಪೊನ್ನಪ್ಪಣ್ಣ, ಹೋಗುವುದಾದರೆ ಯಾವಾಗ ಹೋದರೆ ಕೆಲಸ ಸರಿಯಾಗಿ ಗೊತ್ತಾಗುತ್ತದೆ?

ಪೊನ್ನಪ್ಪ, ಸಕಲೇಶಪುರ

ಕೊಯ್ಲಿನ ಮೊದಲ ವಾರ ಬರಬೇಡಿ. ಆಗ ಎಲ್ಲರೂ ಹಣ್ಣು ನೋಡುತ್ತಾ ಖುಷಿಯಲ್ಲಿರುತ್ತಾರೆ, ಮಾರುವ ಮಾತೇ ಇರುವುದಿಲ್ಲ. ಮೊದಲ ಪಾರ್ಚ್‌ಮೆಂಟ್ ಒಣಗಿ ಚೀಲ ತುಂಬುವ ಹೊತ್ತಿಗೆ ಬನ್ನಿ. ಅದು ನಿಮ್ಮ ಗಡುವಿಗೆ ಮುಂಚೆ ಆಗುತ್ತದೋ ಇಲ್ಲವೋ ಈ ವರ್ಷದ ಬಿಸಿಲಿನ ಮೇಲೆ ಇದೆ, ಆದ್ದರಿಂದ ಡಿಸೆಂಬರ್ ಮಧ್ಯದವರೆಗೆ ಸಮಯ ಕೊಡಿ ಅಂತ ಮ್ಯಾನೇಜರ್‌ಗೆ ಈಗಲೇ ಕೇಳಿಟ್ಟುಕೊಳ್ಳಿ. ಒಳ್ಳೆಯ ಮಾಲಿನ ತೋಟಕ್ಕೆ ಒಂದು ದಿನ, ತೇವಾಂಶದ ತಕರಾರು ಇರುವ ಕಡೆ ಎರಡು ದಿನ ಹೋಗಿ. ನಿಮ್ಮ ಫೀಲ್ಡ್‌ನವರನ್ನು ಪಕ್ಕಕ್ಕೆ ಕೂರಿಸಿ, ದರದ ಮಾತು ನೀವೇ ಆಡಿ.